ಅಂಕಿ ಮೊದಲು ಅವರು ಹೇಳಲಿ

"ಅಣ್ಣಾ, ನಾನು ಮೂಡಿಗೆರೆಯವನು, ಬೆಂಗಳೂರಲ್ಲಿ ಕೆಲಸ. ಸ್ಯಾನ್ ಹೋಸೆಯ ಕಂಪನಿಯೊಂದು ಆಫರ್ ಕೊಡ್ತೀವಿ ಅಂದಿದೆ. ಮೊತ್ತ ಹೇಳೋ ಮೊದಲು ನನ್ನ ಈಗಿನ ಸಿಟಿಸಿ ಕೇಳ್ತಿದ್ದಾರೆ. ಹೇಳಲಾ? ಅಲ್ಲಿ ಬಾಡಿಗೆ ಹೇಗೆ? ಕುಕ್ಕರ್ ತರಬೇಕಾ?"

ಕುಕ್ಕರ್ ತಗೊಂಡು ಬಾ ತಮ್ಮಾ. ಬಾಡಿಗೆ ಜಾಸ್ತಿ, ಮೊದಲ ವರ್ಷ ಯಾರ ಜೊತೆಗಾದರೂ ಇರು. ಸಿಟಿಸಿ ಮಾತ್ರ ಹೇಳಬೇಡ.

ನಾನು ಹೇಳಿಬಿಟ್ಟಿದ್ದೆ. 2014ರಲ್ಲಿ, ಕೊಪ್ಪದ ನಮ್ಮ ಮನೆ ಜಗಲಿಯಲ್ಲಿ ಕೂತು, ಫೋನಲ್ಲಿ. "ಒಂಬತ್ತು ಲಕ್ಷ" ಅಂದೆ. ಆ ಕಡೆ ಕೀಬೋರ್ಡ್ ಸದ್ದು ಕೇಳಿಸಿತು. ಆಗ ಡಾಲರಿಗೆ ಸುಮಾರು 60 ರೂಪಾಯಿ. ನನ್ನ ಒಂಬತ್ತು ಲಕ್ಷ ಅವರಿಗೆ 15 ಸಾವಿರ ಡಾಲರ್ ಆಗಿ ಕಂಡಿತು. 85 ಸಾವಿರ ಕೊಡ್ತೀವಿ ಅಂದರು. ಅಪ್ಪ ದೇವರ ಮುಂದೆ ದೀಪ ಹಚ್ಚಿದರು. ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ.

ನನ್ನ ಜೊತೆಗೇ ಸೇರಿದವನಿಗೆ, ಅದೇ ಕೆಲಸಕ್ಕೆ, 1 ಲಕ್ಷದ 2 ಸಾವಿರ ಇತ್ತು ಅಂತ ಆಮೇಲೆ ಗೊತ್ತಾಯಿತು. ಇಬ್ಬರಿಗೂ ವರ್ಷಕ್ಕೆ ಶೇ. 3 ಏರಿಕೆ. ಆದರೆ ಶೇಕಡಾ ಲೆಕ್ಕ ಮೂಲ ಸಂಬಳದ ಮೇಲೆ ತಾನೇ? 17 ಸಾವಿರದ ಅಂತರ ಪ್ರತಿ ವರ್ಷ ಇಷ್ಟಿಷ್ಟೇ ಬೆಳೆಯಿತು. ಐದು ವರ್ಷಕ್ಕೆ ಒಟ್ಟು 90 ಸಾವಿರ ಡಾಲರ್ ನನ್ನ ಕೈ ತಪ್ಪಿತು. ಅದೇ ವರ್ಷಗಳಲ್ಲಿ ಅಪ್ಪ ಸಾಲಕ್ಕೆ ತೋಟದ ಕೆಳಗಿನ ಎರಡು ಎಕರೆ ಮಾರಿದರು. ಊರಿಗೆ ಹೋದಾಗ ಆ ಕಡೆ ನಡೆಯೋಕೆ ನನಗೆ ಈಗಲೂ ಆಗುವುದಿಲ್ಲ.

ನನ್ನ ಕಾಲಕ್ಕೆ ಇಲ್ಲದ ಆಸರೆ ನಿನಗಿದೆ. ಸ್ಯಾನ್ ಹೋಸೆ ಇರೋದು ಕ್ಯಾಲಿಫೋರ್ನಿಯಾದಲ್ಲಿ. 2018ರ ಜನವರಿ 1ರಿಂದ ಅಲ್ಲಿ ಕಂಪನಿ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಎಷ್ಟು ನಿರೀಕ್ಷೆ ಅಂತ ಕೇಳಬಹುದು, ಅಷ್ಟೇ. ಆದರೆ ಯಾರೂ ಕೇಳದೆ ನೀನೇ ಬಾಯಿ ಬಿಟ್ಟರೆ, ಸಂಬಳ ಗೊತ್ತುಮಾಡುವಾಗ ಅದನ್ನು ಅವರು ಬಳಸಿಕೊಳ್ಳಬಹುದು. ಮಾತಿನ ಭರದಲ್ಲಿ ಜಾರದಂತೆ ನೋಡಿಕೋ.

ದೊಡ್ಡವರು ಕೇಳಿದ್ದಕ್ಕೆ ಹೇಳಲ್ಲ ಅನ್ನೋದು ನಮಗೆ ಕಷ್ಟ, ಅಲ್ವಾ? ಅದಕ್ಕೆ ಕಾನೂನಿನ ಹೆಸರೆತ್ತಿ ಜಗಳ ಬೇಡ. "ಬೆಂಗಳೂರಿನ ಸಂಬಳ ಬೇರೆ ಊರು, ಬೇರೆ ಖರ್ಚಿನ ಲೆಕ್ಕ. ಈ ಹುದ್ದೆಗೆ ನೀವು ಇಟ್ಟಿರುವ ಶ್ರೇಣಿ ಎಷ್ಟು?" ಅಂತ ಕೇಳಿ ಸುಮ್ಮನಾಗು. ಸಂದರ್ಶನ ಆದ ಮೇಲೆ ಅಭ್ಯರ್ಥಿ ಕೇಳಿದರೆ ಅವರು ಶ್ರೇಣಿ ಹೇಳಲೇಬೇಕು. 15 ಅಥವಾ ಹೆಚ್ಚು ಜನರಿರುವ ಕಂಪನಿ 2023ರಿಂದ ಅದನ್ನು ಕೆಲಸದ ಜಾಹೀರಾತಿನಲ್ಲೇ ಹಾಕಬೇಕು. ಮೊದಲು ಅಲ್ಲಿ ಹುಡುಕು. ಅರ್ಜಿಯಲ್ಲಿ ಈಗಿನ ಸಂಬಳದ ಕಾಲಂ ಇದ್ದರೆ ಖಾಲಿ ಬಿಡು. ಸುಳ್ಳು ಅಂಕಿ ಮಾತ್ರ ಬರೆಯಬೇಡ, ಪೇ ಸ್ಲಿಪ್ ಕಂಡ ದಿನ ಕೆಲಸವೇ ಹೋಗುತ್ತದೆ.

ಶ್ರೇಣಿ 1 ಲಕ್ಷದ 20 ಸಾವಿರದಿಂದ 1 ಲಕ್ಷದ 50 ಸಾವಿರ ಇದ್ದು, ಅವರು 1 ಲಕ್ಷದ 25 ಸಾವಿರ ಡಾಲರ್ ಅಂದರು ಅಂತ ಇಟ್ಟುಕೋ. ಎರಡು ದಿನ ಸಮಯ ತಗೋ. ನಿನ್ನ ಅನುಭವದ ಒಂದು ಕಾರಣ ಕೊಟ್ಟು 1 ಲಕ್ಷದ 40 ಸಾವಿರ ಕೇಳು. ಒಪ್ಪಿದ್ದನ್ನು ಬರವಣಿಗೆಯಲ್ಲಿ ತರಿಸಿಕೋ.

ಅಲ್ಲಿವರೆಗೆ ಮನೆಯಲ್ಲಿ ಹೇಳಬೇಡ. ದೀಪ ಹಚ್ಚಿಯಾದ ಮೇಲೆ ಇನ್ನಷ್ಟು ಕೊಡಿ ಅನ್ನೋಕೆ ಬಾಯಿ ಬರುವುದಿಲ್ಲ.