ಪೆಂಡಿಂಗ್, ಫೇಲ್ಡ್, ರಿವರ್ಸ್ಡ್: ದುಡ್ಡು ಈಗ ಎಲ್ಲಿದೆ?

ಪ್ರಶ್ನೆ: ಯುಪಿಐನಲ್ಲಿ ದುಡ್ಡು ಕಳಿಸಿದೆ, ಖಾತೆಯಿಂದ ಕಟ್ ಆಗಿದೆ, ಆದರೆ ಪೆಂಡಿಂಗ್ ಅಂತ ತೋರಿಸ್ತಿದೆ. ಇದಕ್ಕೂ ಫೇಲ್ಡ್, ರಿವರ್ಸ್ಡ್‌ಗೂ ಏನು ವ್ಯತ್ಯಾಸ? ವಾಪಸ್ ಬರಲು ಎಷ್ಟು ದಿನ?

ಪೆಂಡಿಂಗ್ ಅಂದರೆ ಇನ್ನೂ ತೀರ್ಮಾನ ಆಗಿಲ್ಲ. ಫೇಲ್ಡ್ ಅಂದರೆ ಆ ಕಡೆ ತಲುಪುವುದಿಲ್ಲ. ರಿವರ್ಸ್ಡ್ ಅಂದರೆ ಕಟ್ ಆದ ದುಡ್ಡನ್ನು ನಿಮ್ಮ ಖಾತೆಗೆ ಮರಳಿಸಿದ್ದಾರೆ. ಒಬ್ಬರಿಗೆ ಕಳಿಸಿದ್ದಾದರೆ ಮಾರನೇ ದಿನದೊಳಗೆ, ಅಂಗಡಿಗೆ ಕೊಟ್ಟಿದ್ದಾದರೆ 5 ದಿನದೊಳಗೆ ವಾಪಸ್ ಬರಬೇಕು. ಇದು ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಬ್ಯಾಂಕೇ ಕೊಡಬೇಕು.

ಇಲ್ಲಿ ನಡೆಯುವುದು ಎರಡು ಕೆಲಸ. ಮೊದಲು ನಿಮ್ಮ ಬ್ಯಾಂಕ್ ದುಡ್ಡು ಕಟ್ ಮಾಡುತ್ತದೆ. ಆಮೇಲೆ ಆ ಕಡೆಯ ಬ್ಯಾಂಕ್ ಜಮಾ ಮಾಡಿ ಉತ್ತರ ಹೇಳುತ್ತದೆ. ಆ ಉತ್ತರ ಬರದಿದ್ದರೆ ಅದೇ ಪೆಂಡಿಂಗ್. ದುಡ್ಡು ಜಮಾ ಆಗಿರಲೂಬಹುದು!

ನಾಪೋಕ್ಲಿನಿಂದ ನೀವು ಸೋಮವಾರ ಕಾಫಿ ಕೊಯ್ಲಿನ ಕೂಲಿ 3,000 ರೂಪಾಯಿ ಕಳಿಸಿದಿರಿ ಅಂದುಕೊಳ್ಳಿ. ಪಿನ್ ಒತ್ತಿದ ಮೇಲೆ ಮಳೆಗೆ ನೆಟ್‌ವರ್ಕ್ ಹೋದರೂ ವಹಿವಾಟು ನಿಲ್ಲುವುದಿಲ್ಲ, ಅದು ಬ್ಯಾಂಕುಗಳ ನಡುವೆ ನಡೆಯುತ್ತಿರುತ್ತದೆ. ಪೆಂಡಿಂಗ್ ಇದ್ದಾಗ ದಯವಿಟ್ಟು ಇನ್ನೊಮ್ಮೆ ಕಳಿಸಬೇಡಿ. ಎರಡೂ ಜಮಾ ಆದರೆ 6,000 ಹೋಗುತ್ತದೆ, ಜಾಸ್ತಿ ಹೋದದ್ದನ್ನು ನೀವೇ ಕೇಳಿ ಪಡೆಯಬೇಕು. ಮಂಗಳವಾರದವರೆಗೆ ಕಾಯಿರಿ.

ರಿವರ್ಸ್ಡ್ ಅಂತ ಬಂದರೂ ಪಾಸ್‌ಬುಕ್ಕಿನಲ್ಲಿ ಜಮಾ ಸಾಲು ನೋಡಿಕೊಳ್ಳಿ. ಬುಧವಾರವೂ ಬರದಿದ್ದರೆ ಆ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ ಕೊಟ್ಟು ನಿಮ್ಮ ಬ್ಯಾಂಕಿಗೇ ದೂರು ಕೊಡಿ.