ಆಡಿಟ್ ಚೆಕ್‌ಲಿಸ್ಟ್‌ನಿಂದ ಒಂದು ಪುಟದ ಬಾಕಿ ಪಟ್ಟಿ

ಪ್ರಶ್ನೆ: ಐಎಸ್‌ಒ 9001 ಆಡಿಟ್ ಚೆಕ್‌ಲಿಸ್ಟ್ ತುಂಬಾ ಉದ್ದವಿದೆ. ಬಾಕಿ ಎನ್‌ಸಿ, ಬೇಕಾದ ಪುರಾವೆ, ಮುಗಿಸುವ ದಿನಾಂಕ ಇಷ್ಟನ್ನೇ ಒಂದು ಪುಟಕ್ಕೆ ಇಳಿಸುವುದು ಹೇಗೆ?

ಸರಿಯಿದೆ ಎಂದಿರುವ ಸಾಲುಗಳನ್ನೂ ಬರೀ ಸಲಹೆಗಳನ್ನೂ ಬದಿಗಿಡಿ. ಎನ್‌ಸಿಗಳನ್ನು ಮಾತ್ರ ಆಡಿಟರ್ ಬರೆದ ಮಾತಿನಲ್ಲೇ ಇಳಿಸಿಕೊಳ್ಳಿ. ‘ಕ್ಯಾಲಿಬ್ರೇಷನ್ ಸಮಸ್ಯೆ’ ಎಂದು ಮೊಟಕು ಮಾಡಿದರೆ ಯಾವ ಉಪಕರಣ, ಯಾವ ದಿನದಿಂದ ಎಂಬುದೇ ಕಳೆದುಹೋಗುತ್ತದೆ.

ಹೆಚ್ಚಿನವರು ಎಡವುವುದು ಪುರಾವೆಯ ಕಾಲಂನಲ್ಲಿ. ಒಂದು ಮೈಕ್ರೋಮೀಟರ್‌ನ ಕ್ಯಾಲಿಬ್ರೇಷನ್ ಅವಧಿ ಮಾರ್ಚ್ 31ಕ್ಕೆ ಮುಗಿದಿತ್ತು, ಮೇ 12ರ ಆಡಿಟ್ ದಿನವೂ ಅದು ಬಳಕೆಯಲ್ಲಿತ್ತು ಎನ್ನಿ. ಇದು ಕಲಂ 7.1.5.2. ಹೊಸ ಪ್ರಮಾಣಪತ್ರ ತಂದರೆ ಆ ಒಂದು ತಪ್ಪು ತಿದ್ದಿದಂತಾಯಿತು, ಅಷ್ಟೆ. ಗಡುವು ಯಾಕೆ ತಪ್ಪಿತು ಎಂಬ ಮೂಲ ಕಾರಣ, ಉಳಿದ ಉಪಕರಣಗಳನ್ನೂ ನೋಡಿದ ದಾಖಲೆ ಬೇಕು; ಅದನ್ನು ಕೇಳುವುದು ಕಲಂ 10.2. ಲ್ಯಾಬ್‌ನವರು ಸರಿಹೊಂದಿಸುವ ಮುಂಚೆ ಪಡೆದ ರೀಡಿಂಗ್ ಮಿತಿ ಮೀರಿದ್ದರೆ, ಆ ಆರು ವಾರವಷ್ಟೇ ಅಲ್ಲ, ಹಿಂದಿನ ಕ್ಯಾಲಿಬ್ರೇಷನ್‌ನಿಂದ ಈಚೆಗೆ ಅದರಲ್ಲಿ ಅಳೆದ ಭಾಗಗಳ ಮರುಪರಿಶೀಲನೆಯೂ ಸೇರಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ದಿನಾಂಕಕ್ಕೆ ಎರಡು ಕಾಲಂ ಇರಲಿ: ನೀವು ಪುರಾವೆ ಕಳಿಸುವ ದಿನ, ಪ್ರಮಾಣೀಕರಣ ಸಂಸ್ಥೆ ಅದನ್ನು ಒಪ್ಪಿದ ದಿನ. ಎರಡನೆಯದು ಖಾಲಿ ಇರುವವರೆಗೆ ಎನ್‌ಸಿ ಮುಗಿದಿಲ್ಲ. ಸಂಸ್ಥೆ ಕೊಟ್ಟ ಗಡುವಿನಿಂದ ಹಿಂದಕ್ಕೆ ಎಣಿಸಿ, ಸಂಸ್ಥೆ ಪುರಾವೆ ನೋಡಲು ತೆಗೆದುಕೊಳ್ಳುವ ದಿನಗಳನ್ನು ಕಳೆದು, ಮೊದಲ ದಿನಾಂಕ ಬರೆಯಿರಿ; ಉಪಕರಣ ಲ್ಯಾಬ್‌ಗೆ ಹೋಗಿಬರುವುದು ಅದಕ್ಕೂ ಮುಂಚೆ ಮುಗಿಯಬೇಕು.