ಮಧ್ಯಾಹ್ನದವರೆಗೆ ಕೆಡದ ಡಬ್ಬಿ

ಪ್ರಶ್ನೆ: ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಹೋಗ್ತೀನಿ. ಬೆಳಗ್ಗೆ 6ಕ್ಕೆ ಕಟ್ಟಿದ ಅನ್ನ-ಸಾರು 1:30ಕ್ಕೆ ತೆಗೆದರೆ ಕೆಲವು ಸಲ ಹಳಸಿರುತ್ತೆ. ಆಫೀಸಲ್ಲಿ ಫ್ರಿಜ್ ಇಲ್ಲ. ಏನು ಮಾಡ್ಲಿ?

ಹಳಸಿದ್ದು ಮೂಗಿಗೆ ಗೊತ್ತಾದರೆ ಪುಣ್ಯ, ಚೆಲ್ಲಿಬಿಡಬಹುದು. ನನಗೆ ಕೈಕೊಟ್ಟಿದ್ದು ಯಾವ ವಾಸನೆಯೂ ಇಲ್ಲದ ಅನ್ನ.

ನಾನೂ ಇದೇ ದಾರಿಯಲ್ಲಿ ಯಶವಂತಪುರಕ್ಕೆ ಓಡಾಡುವವನು. ಒಂದು ಏಪ್ರಿಲ್‌ನಲ್ಲಿ ರಾತ್ರಿಯ ಅನ್ನ ಕುಕ್ಕರ್‌ನಲ್ಲೇ, ಒಲೆಯ ಮೇಲೇ ಉಳಿದಿತ್ತು. ಬೆಳಗ್ಗೆ ಅದಕ್ಕೇ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಊಟ ಚೆನ್ನಾಗಿಯೇ ಇತ್ತು. ನಾಲ್ಕು ಗಂಟೆಗೆ ವಾಂತಿ ಶುರುವಾಯಿತು. ವಾಪಸ್ ರೈಲಿನಲ್ಲಿ ಚಿಕ್ಕಬಾಣಾವರದಿಂದ ಕ್ಯಾತ್ಸಂದ್ರದವರೆಗೆ ಬಾಗಿಲ ಹತ್ತಿರವೇ ನಿಂತಿದ್ದೆ. ಡಾಕ್ಟರು ಕೇಳಿದ ಮೊದಲ ಮಾತೇ, "ರಾತ್ರಿ ಅನ್ನ ತಿಂದ್ರಾ?"

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೀಜದ ಹಾಗೆ ಗಟ್ಟಿ ರೂಪದಲ್ಲಿ ಕೂತಿರುತ್ತದೆ. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಮೊಳೆತು, ಬೆಳೆದು, ಒಂದು ವಿಷ ಬಿಡುತ್ತದೆ. ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. ಹಾಗಾಗಿ ಮಧ್ಯಾಹ್ನ ಬಿಸಿ ಮಾಡಿಕೊಂಡು ತಿಂದರೆ ಸರಿಹೋಗುತ್ತೆ ಅನ್ನುವುದು ಸುಳ್ಳು ಧೈರ್ಯ.

ಈಗ ನಿಮ್ಮ ಡಬ್ಬಿ ನೋಡಿ. ಹೊಗೆಯಾಡುವ ಅನ್ನವನ್ನು ಸಾಮಾನ್ಯ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತೀರಿ. ಡಾಬಸ್‌ಪೇಟೆ ದಾಟುವ ಹೊತ್ತಿಗೆ ಬಿಸಿ ಇಳಿದಿರುತ್ತದೆ, ಆದರೆ ಆರಿರುವುದಿಲ್ಲ. ಮುಚ್ಚಳದ ಹಬೆ ನೀರಾಗಿ ಅನ್ನದ ಮೇಲೇ ತೊಟ್ಟಿಕ್ಕುತ್ತದೆ. ಬ್ಯಾಗಿನೊಳಗೆ ಗಂಟೆಗಟ್ಟಲೆ ಅದೇ ಬೆಚ್ಚಗೆ. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ? ಅನ್ನ 60 ಡಿಗ್ರಿಗಿಂತ ಮೇಲೇ ಇರಬೇಕು. ಆಗದಿದ್ದರೆ ಪೂರ್ತಿ ಆರಿ, ಹುಳಿಯೂ ಇರಬೇಕು. ನಡುವಿನದು ಬೇಡ.

ಅನ್ನ-ಸಾರೇ ಬೇಕು ಅಂದರೆ ಎರಡು ಪದರದ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಎರಡು ಕೊಳ್ಳಿ. ಪ್ಲಾಸ್ಟಿಕ್ ಹಾಟ್‌ಬಾಕ್ಸ್ ಏಳು ಗಂಟೆ ತಡೆಯುವುದಿಲ್ಲ. ಮೊದಲು ಫ್ಲಾಸ್ಕ್‌ಗೆ ಕುದಿಯುವ ನೀರು ತುಂಬಿ, ಮುಚ್ಚಿ, ಹತ್ತು ನಿಮಿಷ ಬಿಡಿ. ಆ ನೀರು ಚೆಲ್ಲಿದ ತಕ್ಷಣ ಕುದಿಯುತ್ತಿರುವ ಸಾರನ್ನು ಕಂಠದವರೆಗೆ ಹುಯ್ಯಿರಿ. ಅರ್ಧ ತುಂಬಿದರೆ ಬೇಗ ತಣಿಯುತ್ತದೆ. ಅನ್ನವನ್ನೂ ಕುಕ್ಕರ್ ತೆಗೆದ ಕೂಡಲೇ ಒತ್ತಿ ತುಂಬಿ. ಬಿಸಿನೀರು ಹಾಕದೆ ತುಂಬಿದ ದಿನ ನನ್ನ ಸಾರು 1:30ಕ್ಕೆ 52 ಡಿಗ್ರಿ ಇತ್ತು. ಹಾಕಿದ ದಿನ 64. ಅಡುಗೆಗೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ನಿಮ್ಮ ಫ್ಲಾಸ್ಕ್ ಎಷ್ಟು ತಡೆಯುತ್ತೆ ಅಂತ ಒಂದು ವಾರದಲ್ಲಿ ಗೊತ್ತಾಗುತ್ತದೆ. ಒಂದೇ ಗುಟುಕಿಗೆ ಕುಡಿಯುವಷ್ಟು ತಣಿದಿದ್ದರೆ ನಾನು ಮುಟ್ಟುವುದಿಲ್ಲ.

ಇಷ್ಟೆಲ್ಲ ಹೊರುವುದು ಬೇಡ ಅಂದರೆ ಪುಳಿಯೋಗರೆ. ಅನ್ನ ಅವತ್ತು ಬೆಳಗ್ಗೆಯದೇ ಇರಲಿ, ಉದುರುದುರಾಗಿ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಆರುತ್ತದೆ. ಅಂಗೈ ಇಟ್ಟು ನೋಡಿ, ಒಂಚೂರೂ ಬಿಸಿ ತಗುಲಬಾರದು. ಆಮೇಲೆ ಹುಣಸೆ ಗೊಜ್ಜು ಧಾರಾಳವಾಗಿ ಹಾಕಿ, ಪ್ರತಿ ಅಗುಳಿಗೂ ಹತ್ತುವ ಹಾಗೆ ಕಲಸಿ. ಹುಳಿ ಇದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಒದ್ದಾಡುತ್ತದೆ. ಮೇಲೆ ಸುಮ್ನೆ ನಿಂಬೆಹಣ್ಣು ಹಿಂಡಿದ ಚಿತ್ರಾನ್ನಕ್ಕೆ ಅಷ್ಟು ಬಲ ಇಲ್ಲ. ಹಸಿ ಕಾಯಿತುರಿ ಬಿದ್ದರಂತೂ ಬೇಸಿಗೆಯಲ್ಲಿ ಅದೇ ಮೊದಲು ಕೆಡುವುದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಒಯ್ಯುವವರಿಗೂ ಇದೇ ಮಾತು: ಇಡ್ಲಿ ಆರಿಸಿ ಕಟ್ಟಿ, ಕಾಯಿ ಚಟ್ನಿ ಅಲ್ಲೇ ತಿಂದು ಮುಗಿಸಿ, ಜೊತೆಗೆ ಶೇಂಗಾ ಚಟ್ನಿಪುಡಿ ಒಯ್ಯಿರಿ.

ಮೊಸರನ್ನಕ್ಕೆ ನಮ್ಮಮ್ಮ ಹಾಲು ಜಾಸ್ತಿ ಹಾಕಿ ಒಂದು ಚಮಚ ಮೊಸರು ಬೆರೆಸುತ್ತಿದ್ದರು, ಮಧ್ಯಾಹ್ನಕ್ಕೆ ಹದವಾಗಿರುತ್ತಿತ್ತು. ರುಚಿ ಅದರದ್ದೇ, ಒಪ್ಪುತ್ತೇನೆ. ಆದರೆ ಹಾಲು ಹುಳಿಯಾಗುವ ತನಕ ಉಳಿದ ಕ್ರಿಮಿಗಳಿಗೂ ಅವಕಾಶ ಇದ್ದೇ ಇರುತ್ತದೆ. ನಾನು ಆರಿದ ಅನ್ನಕ್ಕೆ ಹುಳಿ ಮೊಸರನ್ನೇ ಕಲಸುತ್ತೇನೆ. ಡಬ್ಬಿಗೆ ತಾಗಿಸಿ ಮಂಜುಗಟ್ಟಿದ ನೀರಿನ ಬಾಟಲಿ ಇಡುತ್ತೇನೆ. ಬಿಸಿ ಫ್ಲಾಸ್ಕ್ ಬೇರೆ ಬ್ಯಾಗಿನಲ್ಲಿ.

ಹೆಸರುಕಾಳು, ಅವರೆಕಾಳು ಪಲ್ಯವನ್ನು ಬೆಚ್ಚಗೆ ಕಟ್ಟಲೇಬೇಡಿ. ನೊರೆ ಬಂದಿದ್ದರೆ, ಚಮಚ ಎತ್ತಿದಾಗ ಎಳೆಎಳೆಯಾದರೆ, ರುಚಿ ನೋಡುವುದಕ್ಕೂ ಹೋಗಬೇಡಿ.

ಇಷ್ಟೆಲ್ಲ ಮಾಡಿಯೂ ಹಳಸು ವಾಸನೆ ಬಂದರೆ ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ನೋಡಿ. ನನ್ನದರಲ್ಲಿ ಕಪ್ಪಗೆ ಹಳೇ ಸಾರು ಕೂತಿತ್ತು. ಈಗ ದಿನಾ ರಾತ್ರಿ ಅದನ್ನು ಬಿಚ್ಚಿ ತೊಳೆದು, ಒಣಗಲು ಬಿಟ್ಟು, ಬೆಳಗ್ಗೆ ಹಾಕುತ್ತೇನೆ.